ಒಂದು ಲೀಟರ್ ಸ್ಯಾಂಪಲ್, ಒಂದು ಹಾಳೆ ವಿವರ

ಕೊಬ್ಬರಿ ಎಣ್ಣೆಯ ಬೆಲೆ ಏರಿದಾಗಲೆಲ್ಲ ಸಣ್ಣ ಸೋಪು ತಯಾರಕರ ಫೋನಿಗೆ ಹೊಸ ಹೊಸ ಪೂರೈಕೆದಾರರ ಕರೆಗಳು ಬರತೊಡಗುತ್ತವೆ. 2025ರಲ್ಲಿ ಬೆಲೆ ಗಗನಕ್ಕೇರಿದಾಗ ಇದು ಇನ್ನೂ ಹೆಚ್ಚಾಯಿತು. ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಮೇಡಂ, ನಮ್ಮದು ನೂರಕ್ಕೆ ನೂರು ಪ್ಯೂರ್. ಈಗ ಕೊಳ್ಳುವ ರೇಟಿಗಿಂತ ಕೆಜಿಗೆ ಇಪ್ಪತ್ತು ರೂಪಾಯಿ ಕಡಿಮೆ ಮಾಡಿ ಕೊಡ್ತೀನಿ. ಇವತ್ತು ಅರ್ಧ ಅಡ್ವಾನ್ಸ್ ಹಾಕಿದ್ರೆ ನಾಳೆ ಗಾಡಿ ಹೊರಡುತ್ತೆ." ಈ ಮಾತಿನಲ್ಲಿ ರೇಟು ಇದೆ, ದಿನ ಇದೆ, ಭರವಸೆಯೂ ಇದೆ. ಆದರೆ ಎಣ್ಣೆಯ ಬಗ್ಗೆ ಒಂದೂ ಮಾಹಿತಿ ಇಲ್ಲ.

ಇಂಥ ಕರೆಗೆ ಕೊಡಬೇಕಾದ ಉತ್ತರ ಒಂದೇ. "ಸರಿ ಅಣ್ಣ, ಸ್ಪೆಕ್ ಶೀಟ್ ಕಳಿಸಿ. ನಿಮ್ಮ ಗೋಡೌನಿನಲ್ಲಿ ಈಗಿರುವ ಲಾಟಿನ ಟೆಸ್ಟ್ ರಿಪೋರ್ಟ್ ಕಳಿಸಿ. ಅದೇ ಲಾಟಿನಿಂದ ಒಂದು ಲೀಟರ್ ಸ್ಯಾಂಪಲ್ ಕಳಿಸಿ, ಅದರ ದುಡ್ಡು ನಾನು ಕೊಡ್ತೀನಿ. ನೋಡಿ ಆರ್ಡರ್ ಹಾಕ್ತೀನಿ." ಇಷ್ಟು ಕೇಳಿದರೆ ಎದುರಿನವರು ಬೇಸರಪಟ್ಟುಕೊಳ್ಳುತ್ತಾರೇನೋ ಎಂದು ಅನೇಕರು ಹಿಂಜರಿಯುತ್ತಾರೆ. ಹಿಂಜರಿಕೆ ಬೇಡ. ದೊಡ್ಡ ಕಾರ್ಖಾನೆಗಳಿಗೆ ಮಾಲು ಕೊಡುವವರಿಗೆ ಇದು ದಿನನಿತ್ಯದ ಬೇಡಿಕೆ, ಕೇಳಿದ ಅರ್ಧ ಗಂಟೆಯಲ್ಲಿ ಪಿಡಿಎಫ್ ಬರುತ್ತದೆ. ಸೋಪಿನಂಥ ವಸ್ತುವಿನಲ್ಲಂತೂ ಈ ಕಾಗದವಿಲ್ಲದೆ ಲೆಕ್ಕವೇ ಆರಂಭವಾಗುವುದಿಲ್ಲ. ಯಾಕೆಂದು ನೋಡೋಣ.

ಸೋಪು ಆಗುವುದು ಎಣ್ಣೆಯೂ ಕಾಸ್ಟಿಕ್ ಸೋಡಾವೂ ಸೇರಿ. ಇಷ್ಟು ಎಣ್ಣೆಗೆ ಇಷ್ಟೇ ಕಾಸ್ಟಿಕ್ ಎಂಬ ಲೆಕ್ಕವಿದೆ. ಕಾಸ್ಟಿಕ್ ಹೆಚ್ಚಾದರೆ ಸೋಪು ಕೈ ಸುಡುತ್ತದೆ, ಕಡಿಮೆಯಾದರೆ ಎಣ್ಣೆ ಹಾಗೇ ಉಳಿದು ಸೋಪು ಮೆತ್ತಗೆ, ಜಿಡ್ಡಾಗಿರುತ್ತದೆ. ಎಷ್ಟು ಬೇಕು ಎಂದು ಹೇಳುವ ಅಂಕಿಗೆ ಸಪೋನಿಫಿಕೇಶನ್ ವ್ಯಾಲ್ಯೂ ಎನ್ನುತ್ತಾರೆ. ಸೋಪು ಮಾಡುವವರ ಬಾಯಲ್ಲಿ ಅದು ಸ್ಯಾಪ್ ವ್ಯಾಲ್ಯೂ. ಒಂದು ಗ್ರಾಂ ಎಣ್ಣೆ ಪೂರ್ತಿ ಸೋಪಾಗಲು ಎಷ್ಟು ಮಿಲಿಗ್ರಾಂ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೇಕು ಎಂಬುದು ಅದರ ಅರ್ಥ. ಗಟ್ಟಿ ಸೋಪಿಗೆ ನಾವು ಬಳಸುವುದು ಸೋಡಿಯಂ ಹೈಡ್ರಾಕ್ಸೈಡ್. ಹಾಗಾಗಿ ಆ ಅಂಕಿಯನ್ನು 0.713ರಿಂದ ಗುಣಿಸಿದರೆ ಒಂದು ಕೆಜಿ ಎಣ್ಣೆಗೆ ಎಷ್ಟು ಗ್ರಾಂ ಕಾಸ್ಟಿಕ್ ಸೋಡಾ ಬೇಕು ಎಂಬುದು ಸಿಗುತ್ತದೆ.

ಈಗ ಸ್ಪೆಕ್ ಶೀಟನ್ನು ಕೈಗೆತ್ತಿಕೊಳ್ಳಿ. ಕೊಬ್ಬರಿ ಎಣ್ಣೆಯದಾದರೆ ಅದರಲ್ಲಿ ಸ್ಯಾಪ್ ವ್ಯಾಲ್ಯೂ 248ರಿಂದ 265 ಎಂದು ಬರೆದಿರುವ ಸಾಧ್ಯತೆ ಹೆಚ್ಚು. ಇದು ಕೋಡೆಕ್ಸ್ ಅಂತರರಾಷ್ಟ್ರೀಯ ಮಾನದಂಡದಲ್ಲಿರುವ ವ್ಯಾಪ್ತಿ, ಸುಳ್ಳೇನಲ್ಲ. ಆದರೆ 10 ಕೆಜಿ ಎಣ್ಣೆಗೆ ಲೆಕ್ಕ ಹಾಕಿ. 248 ಆದರೆ 1,768 ಗ್ರಾಂ ಕಾಸ್ಟಿಕ್ ಬೇಕು, 265 ಆದರೆ 1,889 ಗ್ರಾಂ. ನಡುವೆ ಸುಮಾರು 120 ಗ್ರಾಂ ಅಂತರ. ಸೋಪು ಸುಡಬಾರದೆಂದು ಸಾಮಾನ್ಯವಾಗಿ ಕಾಸ್ಟಿಕ್ಕನ್ನು ಶೇಕಡ 5ರಷ್ಟು ಕಡಿಮೆ ಹಾಕಿ, ಸ್ವಲ್ಪ ಎಣ್ಣೆ ಉಳಿಯುವಂತೆ ನೋಡಿಕೊಳ್ಳುತ್ತಾರಲ್ಲ, ಆ ಎಚ್ಚರಿಕೆಯ ಪಾಲೇ ಸುಮಾರು 90 ಗ್ರಾಂ. ಅಂದರೆ ಸ್ಪೆಕ್ ಶೀಟಿನ ವ್ಯಾಪ್ತಿ ನಮ್ಮ ಎಚ್ಚರಿಕೆಗಿಂತ ಅಗಲ. ಆ ಹಾಳೆಯನ್ನಷ್ಟೇ ನಂಬಿ ಸೋಪು ಕಲಸುವಂತಿಲ್ಲ.

ಸ್ಪೆಕ್ ಶೀಟ್ ಎಂದರೆ ಆ ಕಂಪನಿಯ ವಾಗ್ದಾನ: ನಾವು ಕೊಡುವ ಎಣ್ಣೆ ಯಾವತ್ತೂ ಈ ಮಿತಿಯೊಳಗೆ ಇರುತ್ತದೆ ಎಂದು. ನಿಮ್ಮ ಮನೆಗೆ ಬರುವ ಟಿನ್ನಿನಲ್ಲಿ ಏನಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಸರ್ಟಿಫಿಕೇಟ್ ಆಫ್ ಅನಾಲಿಸಿಸ್, ವ್ಯಾಪಾರದ ಭಾಷೆಯಲ್ಲಿ ಸಿಒಎ. ಅದು ಒಂದೇ ಒಂದು ಲಾಟಿಗೆ ಸಂಬಂಧಿಸಿದ್ದು. ಅದರಲ್ಲಿ ಬ್ಯಾಚ್ ನಂಬರ್, ಪರೀಕ್ಷೆ ಮಾಡಿದ ದಿನಾಂಕ, ಬಂದ ಅಂಕಿ, ಸಹಿ ಇರುತ್ತವೆ. ಸ್ಯಾಪ್ ವ್ಯಾಲ್ಯೂ ಎದುರು 248-265 ಎಂದಿರದೆ 256 ಎಂದಿರುತ್ತದೆ. ನಮಗೆ ಬೇಕಾದದ್ದು ಆ 256. ಹೊಸ ಪೂರೈಕೆದಾರರು ಎರಡರಲ್ಲಿ ಒಂದನ್ನು ಕಳಿಸಿ "ಎಲ್ಲಾ ಕಳಿಸಿದ್ದೀನಿ" ಎನ್ನುವುದುಂಟು. ಎರಡನ್ನೂ ಕೇಳಿ.

ಸಿಒಎ ಬಂದ ಮೇಲೆ ಓದುವ ರೀತಿಯೂ ಇದೆ. ಅಂಕಿಯ ಜಾಗದಲ್ಲಿ "ಪಾಸ್" ಅಥವಾ "ಮಾನದಂಡಕ್ಕೆ ಒಳಪಟ್ಟಿದೆ" ಎಂದಷ್ಟೇ ಇದ್ದರೆ ಅದು ಸೋಪು ಮಾಡುವವರ ಉಪಯೋಗಕ್ಕೆ ಬರುವುದಿಲ್ಲ, ಅಂಕಿ ಕೇಳಿ. ಹಳೆಯ ಎರಡು ಲಾಟುಗಳ ಸಿಒಎ ಕೂಡ ಕಳಿಸಲು ಹೇಳಿ, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎಣ್ಣೆ ಕೊಬ್ಬರಿಯಿಂದ ಬರುವ ವಸ್ತು. ಲಾಟಿನಿಂದ ಲಾಟಿಗೆ ಅಂಕಿಗಳು ಒಂದಿಷ್ಟು ಅತ್ತಿತ್ತ ಆಗಲೇಬೇಕು. ಮೂರೂ ಕಾಗದಗಳಲ್ಲಿ ದಶಮಾಂಶ ಸಹಿತ ಒಂದೇ ಅಂಕಿ ಇದ್ದರೆ ಅಲ್ಲಿ ಬದಲಾಗಿರುವುದು ದಿನಾಂಕ ಮಾತ್ರ, ಪರೀಕ್ಷೆ ನಡೆದಿಲ್ಲ ಎಂದೇ ತಿಳಿಯಬೇಕು.

ಇನ್ನೊಂದು ಅಂಕಿಯ ಮೇಲೂ ಕಣ್ಣಿಡಬೇಕು, ಅಯೋಡಿನ್ ವ್ಯಾಲ್ಯೂ. ಕೊಬ್ಬರಿ ಎಣ್ಣೆಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಇದು 7.5ರಿಂದ 10ರೊಳಗೆ. ಬೇರೆ ಎಣ್ಣೆಗಳಲ್ಲಿ ಇದು ಬಹಳ ಹೆಚ್ಚು; ಪಾಮೊಲಿನ್ ಎಣ್ಣೆಯಲ್ಲಿ 56ಕ್ಕಿಂತ ಕಡಿಮೆಯಿರುವುದಿಲ್ಲ. ಹಾಗಾಗಿ ಕಲಬೆರಕೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ.

ಈಗ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ತುಮಕೂರು ಕಡೆಯ ಒಂದು ಸಣ್ಣ ಘಟಕ ಎಂದುಕೊಳ್ಳಿ. ಬರೀ ಕೊಬ್ಬರಿ ಎಣ್ಣೆಯಿಂದ ಪಾತ್ರೆ, ಬಟ್ಟೆ ತೊಳೆಯುವ ಸೋಪು ಮಾಡುತ್ತಾರೆ. (ಸ್ನಾನದ ಸೋಪಿಗಾದರೆ ಚರ್ಮ ಒಣಗದಿರಲೆಂದು ಬೇರೆ ಎಣ್ಣೆಗಳನ್ನೂ ಬೆರೆಸುತ್ತಾರೆ, ಲೆಕ್ಕದ ದಾರಿ ಅದೇ.) ಹೊಸ ಪೂರೈಕೆದಾರರ ಸಿಒಎಯಲ್ಲಿ ಸ್ಯಾಪ್ ವ್ಯಾಲ್ಯೂ 256 ಇದೆ. 10 ಕೆಜಿಗೆ 1,825 ಗ್ರಾಂ ಕಾಸ್ಟಿಕ್ ಬೇಕು. ಶೇಕಡ 5 ಕಡಿಮೆ ಮಾಡಿದರೆ 1,734 ಗ್ರಾಂ. ಕಾಸ್ಟಿಕ್ ಚೀಲದ ಮೇಲೆ ಶುದ್ಧತೆ ಶೇಕಡ 98 ಎಂದಿರುವುದರಿಂದ ತಕ್ಕಡಿಯಲ್ಲಿ ತೂಗುವುದು 1,769 ಗ್ರಾಂ.

ಆದರೆ ಟಿನ್ನಿನೊಳಗೆ ಇರುವುದು ನೂರರಲ್ಲಿ ಎಪ್ಪತ್ತು ಪಾಲು ಕೊಬ್ಬರಿ ಎಣ್ಣೆ, ಮೂವತ್ತು ಪಾಲು ಪಾಮೊಲಿನ್ ಆಗಿದ್ದರೆ? ಪಾಮೊಲಿನ್‌ನ ಸ್ಯಾಪ್ ವ್ಯಾಲ್ಯೂ 198ರ ಆಸುಪಾಸು. ಮಿಶ್ರಣದ್ದು ಸುಮಾರು 239ಕ್ಕೆ ಇಳಿಯುತ್ತದೆ. ಅದಕ್ಕೆ ಪೂರ್ತಿಯಾಗಿ ಬೇಕಾದ ಕಾಸ್ಟಿಕ್ 1,701 ಗ್ರಾಂ ಮಾತ್ರ. ನಾವು ಹಾಕಿದ್ದು 1,734. ಎಣ್ಣೆ ಉಳಿಯಬೇಕಾದ ಸೋಪಿನಲ್ಲಿ 33 ಗ್ರಾಂ ಕಾಸ್ಟಿಕ್ ಉಳಿಯಿತು. ಕಲಸಿದವರ ತಕ್ಕಡಿ ಸರಿಯಿತ್ತು, ಲೆಕ್ಕ ಸರಿಯಿತ್ತು, ಆದರೂ ಕೊಂಡವರ ಕೈ ಉರಿಯುತ್ತದೆ. ಅದೇ ಎಣ್ಣೆಯನ್ನು ಲ್ಯಾಬಿಗೆ ಕೊಟ್ಟಿದ್ದರೆ ಅಯೋಡಿನ್ ವ್ಯಾಲ್ಯೂ 23ರ ಸುಮಾರಿಗೆ ಬಂದು, ಒಂದೇ ನೋಟಕ್ಕೆ ಗುಟ್ಟು ಹೊರಬೀಳುತ್ತಿತ್ತು.

ಇಷ್ಟಾದರೂ ಗೊತ್ತಾಗುತ್ತದೆ, ದೂರು ಬರುತ್ತದೆ. ಗೊತ್ತೇ ಆಗದ ಸ್ಥಿತಿ ಇನ್ನೊಂದಿದೆ, ನನಗೆ ಹೆಚ್ಚು ಆತಂಕ ಇರುವುದು ಅದರ ಬಗ್ಗೆಯೇ. ಕಾಸ್ಟಿಕ್ ಸೋಡಾ ಗಾಳಿಯಲ್ಲಿನ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಫ್ಲೇಕ್ಸ್ ಒಂದಕ್ಕೊಂದು ಅಂಟಿಕೊಂಡು ಹೆಂಟೆಯಾಗಿರುವುದನ್ನು ನೋಡಿರುತ್ತೀರಿ. ಅಂಥ ಚೀಲದಲ್ಲಿ ನಿಜವಾದ ಕಾಸ್ಟಿಕ್ ಶೇಕಡ 90ಕ್ಕೆ ಇಳಿದಿದೆ ಎನ್ನಿ. 1,769 ಗ್ರಾಂ ತೂಗಿದರೂ ಕೆಲಸಕ್ಕೆ ಬರುವುದು 1,592 ಗ್ರಾಂ. ಈ ಹಳೆಯ ಕಾಸ್ಟಿಕ್ ಮೇಲೆ ಹೇಳಿದ ಕಲಬೆರಕೆ ಎಣ್ಣೆಗೆ ಸೇರಿದರೆ ಏನಾಗುತ್ತದೆ? ಬೇಕಾದದ್ದು 1,701, ಹಾಕಿದ್ದು 1,592. ಶೇಕಡ 6ರಷ್ಟು ಎಣ್ಣೆ ಉಳಿಯುತ್ತದೆ. ಒಳ್ಳೆಯ ಸೋಪೇ ಬರುತ್ತದೆ! ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಹಾಕಿತು. ತಯಾರಕರು ಹೊಸ ಎಣ್ಣೆ ಚೆನ್ನಾಗಿದೆ ಎಂದು ನಂಬಿ ದೊಡ್ಡ ಆರ್ಡರ್ ಹಾಕುತ್ತಾರೆ. ಮುಂದಿನ ತಿಂಗಳು ಹೊಸ ಕಾಸ್ಟಿಕ್ ಚೀಲ ಒಡೆದ ದಿನದಿಂದ ಸೋಪು ಸುಡತೊಡಗುತ್ತದೆ, ಬೈಗುಳ ಕಾಸ್ಟಿಕ್ ಮಾರಿದವನಿಗೆ.

ಆದ್ದರಿಂದ ಹೊಸ ಎಣ್ಣೆಯ ಸ್ಯಾಂಪಲ್ ಪರೀಕ್ಷಿಸುವಾಗ ಬೇರೆ ಯಾವುದೂ ಹೊಸದಾಗಿರಬಾರದು, ಹಾಳಾಗಿಯೂ ಇರಬಾರದು. ಶುದ್ಧತೆ ತಿಳಿದಿರುವ, ಹೊಸದಾಗಿ ಒಡೆದ ಕಾಸ್ಟಿಕ್ ಬಳಸಿ. ಎಣ್ಣೆ ಮತ್ತು ಕಾಸ್ಟಿಕ್ ಎರಡರ ಪೂರೈಕೆದಾರರನ್ನೂ ಒಂದೇ ತಿಂಗಳಲ್ಲಿ ಬದಲಾಯಿಸಬೇಡಿ. ಕಾಸ್ಟಿಕ್ ಕೊಳ್ಳುವಾಗಲೂ ಇದೇ ಕ್ರಮ: ಸ್ಪೆಕ್ ಶೀಟಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟು, ಸೋಡಿಯಂ ಕಾರ್ಬೊನೇಟ್ ಎಷ್ಟು ಎಂದು ನೋಡಿ, ತಯಾರಾದ ತಿಂಗಳು ಕೇಳಿ, ಕಾರ್ಖಾನೆ ಹೊಲಿದ ಚೀಲವೇ, ಅಂಗಡಿಯವರು ಬಿಡಿಸಿ ತುಂಬಿದ ಪ್ಲಾಸ್ಟಿಕ್ ಪೊಟ್ಟಣವೇ ಎಂದು ಕೇಳಿ. ಕಾಸ್ಟಿಕ್‌ಗೆ ಸುರಕ್ಷತಾ ವಿವರದ ಹಾಳೆಯೂ ಬರಬೇಕು, ಕಣ್ಣಿಗೆ ಸಿಡಿದರೆ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ.

ಸ್ಯಾಂಪಲ್ ವಿಷಯಕ್ಕೆ ಬರೋಣ. ಕಾಗದ ಎಷ್ಟೇ ಚೆನ್ನಾಗಿದ್ದರೂ ಬಾಟಲಿ ಕೈಗೆ ಬಂದು ಅದರ ಮೇಲೆ ಸಿಒಎಯಲ್ಲಿರುವ ಬ್ಯಾಚ್ ನಂಬರೇ ಇದ್ದರೆ ಮಾತ್ರ ಅವೆರಡಕ್ಕೂ ಸಂಬಂಧ. ನಂಬರಿಲ್ಲದ ಬಾಟಲಿ ಬಂದರೆ ಯಾವ ಎಣ್ಣೆಯನ್ನು ಪರೀಕ್ಷೆ ಮಾಡಿದೆವು ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಒಂದು ಲೀಟರ್ ಕೇಳುವುದಕ್ಕೂ ಕಾರಣವಿದೆ. ಅದನ್ನು ಮೂರು ಪಾಲು ಮಾಡಬೇಕು: ಒಂದು ಲ್ಯಾಬಿಗೆ, ಒಂದು ನಮ್ಮದೇ ಸಣ್ಣ ಬ್ಯಾಚಿಗೆ, ಮೂರನೆಯದು ಸೀಲು ಮಾಡಿ ಎತ್ತಿಡಲು.

ಪಾಲು ಮಾಡುವ ಮುನ್ನ ಒಂದು ಮಾತು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದ ಬಾಟಲಿಯಲ್ಲಿ ಅರ್ಧ ಬೆಳ್ಳಗೆ ಹೆಪ್ಪುಗಟ್ಟಿ, ಮೇಲೆ ಅರ್ಧ ನೀರಾಗಿರಬಹುದು. ಮೇಲಿನ ನೀರೆಣ್ಣೆಯೂ ಕೆಳಗಿನ ಗಟ್ಟಿಯೂ ಒಂದೇ ಅಲ್ಲ. ಮೊದಲು ಹೆಪ್ಪುಗಟ್ಟುವ ಅಂಶಗಳು ಕೆಳಗಿರುತ್ತವೆ. ಮೇಲಿನದನ್ನಷ್ಟೇ ಬಗ್ಗಿಸಿ ಲ್ಯಾಬಿಗೆ ಕೊಟ್ಟರೆ ಒಳ್ಳೆಯ ಎಣ್ಣೆಯ ಮೇಲೂ ವೃಥಾ ಅನುಮಾನ ಬರಬಹುದು. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿ, ಆಮೇಲೆ ಮೂರು ಒಣಗಿದ ಗಾಜಿನ ಬಾಟಲಿಗೆ ತುಂಬಬೇಕು. ಟಿನ್ನಿನಿಂದ ಸ್ಯಾಂಪಲ್ ತೆಗೆಯುವ ಪೂರೈಕೆದಾರರಿಗೂ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಎಲ್ಲರಿಗೂ ಗೊತ್ತಿದೆ. ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಫ್ರೀಜರ್‌ನಲ್ಲಲ್ಲ, ಒಂದು ಗಂಟೆ ಇಡುವುದು. ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ, ಬೇರೆ ಎಣ್ಣೆ ಸೇರಿದ್ದರೆ ಅದು ಪದರವಾಗಿ ಬೇರೆ ನಿಲ್ಲುತ್ತದೆ. ಮೊದಲ ಜರಡಿಯಾಗಿ ಇದು ಚೆನ್ನ. ಆದರೆ ಇದರ ಮಿತಿಯನ್ನೂ ತಿಳಿದಿರಬೇಕು. ತಾಳೆಹಣ್ಣಿನ ಬೀಜದಿಂದ ತೆಗೆದ ಪಾಮ್ ಕರ್ನಲ್ ಎಣ್ಣೆ ಗುಣದಲ್ಲಿ ಕೊಬ್ಬರಿ ಎಣ್ಣೆಗೆ ತೀರಾ ಹತ್ತಿರ, ಅದೂ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ. ಅದನ್ನು ಮೂವತ್ತು ಪಾಲು ಬೆರೆಸಿದರೂ ಸ್ಯಾಪ್ ವ್ಯಾಲ್ಯೂ 253ರ ಹತ್ತಿರ ನಿಂತು ಪಾಸಾಗಿಬಿಡುತ್ತದೆ. ಆಗಲೂ ಹಿಡಿದುಕೊಡುವುದು ಅಯೋಡಿನ್ ವ್ಯಾಲ್ಯೂವೇ, ಅದು 11 ದಾಟುತ್ತದೆ. ಹದಿನೈದು ಪಾಲಷ್ಟೇ ಬೆರೆಸಿದ್ದರೆ ಅದೂ 10ರ ಒಳಗೇ ಉಳಿಯಬಹುದು. ಅಷ್ಟನ್ನು ಹಿಡಿಯಲು ಕೊಬ್ಬಿನಾಮ್ಲಗಳನ್ನು ಬಿಡಿಬಿಡಿಯಾಗಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಪರೀಕ್ಷೆಯೇ ಬೇಕು. ಸಣ್ಣ ಘಟಕ ಅಲ್ಲಿಯವರೆಗೆ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಮಟ್ಟದ ಬೆರಕೆಯಿಂದ ಹಣ ಮೋಸ ಹೋಗುತ್ತದೆ ನಿಜ, ಸೋಪಿನ ಕಾಸ್ಟಿಕ್ ಲೆಕ್ಕ ಮಾತ್ರ ಕೆಡುವುದಿಲ್ಲ. ಸ್ಯಾಪ್, ಅಯೋಡಿನ್ ಎರಡನ್ನೂ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನಲ್ಲಿ ಮಾಡಿಸಿದರೆ ಸಾಕು. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲೂ ಹೊರಗಿನವರ ಸ್ಯಾಂಪಲ್ ಪರೀಕ್ಷಿಸಿ ಕೊಡುವ ವ್ಯವಸ್ಥೆ ಇದೆ.

ಲ್ಯಾಬಿನ ಅಂಕಿ ಸಿಒಎಯ ಅಂಕಿಗೆ ಹೊಂದಿದರೆ ಎರಡನೆಯ ಬಾಟಲಿ ತೆರೆಯಿರಿ. ಅದರಲ್ಲಿ ಕಾಲು ಕೆಜಿಯಷ್ಟು ಎಣ್ಣೆ ತೂಗಿಕೊಳ್ಳಿ. 250 ಗ್ರಾಂಗೆ, ಸ್ಯಾಪ್ ವ್ಯಾಲ್ಯೂ 256 ಆದರೆ, ಶೇಕಡ 5 ಕಳೆದು, ಶೇಕಡ 98 ಶುದ್ಧತೆಗೆ ಸರಿಪಡಿಸಿ, ಫ್ಲೇಕ್ಸ್ 44 ಗ್ರಾಂ ಬೇಕು. ಒಂದು ಗ್ರಾಂ ಸ್ಪಷ್ಟವಾಗಿ ತೋರಿಸುವ ತಕ್ಕಡಿಯಾದರೂ ಬೇಕು, ಸೊಪ್ಪು ತರಕಾರಿ ತೂಗುವ ತಕ್ಕಡಿ ಇಲ್ಲಿ ನಡೆಯದು. ಅಲ್ಯೂಮಿನಿಯಂ ಪಾತ್ರೆ ಬೇಡ, ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್‌ಗೆ ನೀರು ಸುರಿಯಬಾರದು. ಕನ್ನಡಕ, ಕೈಗವಸು ಇರಲಿ. ನೀವು ಈಗ ಬಳಸುತ್ತಿರುವ ಹಳೆಯ ಎಣ್ಣೆಯಿಂದಲೂ ಅದೇ ದಿನ, ಅದೇ ಕಾಸ್ಟಿಕ್‌ನಿಂದ, ಇಷ್ಟೇ ಅಳತೆಯ ಇನ್ನೊಂದು ಬ್ಯಾಚ್ ಮಾಡಿ. ಎರಡೂ ಗಟ್ಟಿಯಾಗುವ ಹೊತ್ತು, ಬಣ್ಣ, ವಾಸನೆ, ಕತ್ತರಿಸಿದಾಗ ಒಳಗೆ ಎಣ್ಣೆಯ ತೇವ ಇದೆಯೇ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಹೊಸ ಎಣ್ಣೆಯ ಸೋಪು ಒಂದನ್ನೇ ನೋಡಿ ತೀರ್ಮಾನ ಹೇಳುವುದು ಕಷ್ಟ. ಕತ್ತರಿಸಿದ ಮೈಮೇಲೆ ಫಿನಾಲ್ಫ್ಥಲೀನ್ ದ್ರಾವಣದ ಒಂದು ಹನಿ ಬಿಟ್ಟಾಗ ಕಡುಗುಲಾಬಿ ಬಣ್ಣ ಬಂದರೆ ಕಾಸ್ಟಿಕ್ ಉಳಿದಿದೆ. ವಾಸನೆಯ ವಿಚಾರದಲ್ಲಿ ಅವಸರ ಬೇಡ. ಸೋಪು ನಾಲ್ಕಾರು ವಾರ ಒಣಗಿದ ಮೇಲೂ ಒಮ್ಮೆ ಮೂಸಿ ನೋಡಬೇಕು.

ಈ ಎಲ್ಲದಕ್ಕೂ ಒಂದೂವರೆ ತಿಂಗಳು ಹಿಡಿಯುತ್ತದೆ. ಹಳೆಯ ಪೂರೈಕೆದಾರರ ಕೊನೆಯ ಟಿನ್ ಖಾಲಿಯಾಗುವ ಹೊತ್ತಿಗೆ ಹೊಸಬರನ್ನು ಹುಡುಕಿದರೆ ಇದಾವುದಕ್ಕೂ ಸಮಯ ಉಳಿಯುವುದಿಲ್ಲ. ಎರಡು ತಿಂಗಳ ದಾಸ್ತಾನು ಇರುವಾಗಲೇ ಸ್ಯಾಂಪಲ್ ಕೇಳಿಡಬೇಕು.

ಎಲ್ಲವೂ ಸರಿಹೋದರೆ ಆರ್ಡರ್ ಹಾಕಿ, ಆದರೆ ಬಾಯಿಮಾತಿನಲ್ಲಿ ಬೇಡ. ವಾಟ್ಸಾಪ್ ಆದರೂ ಸರಿ, ಬರಹದಲ್ಲಿರಲಿ: "ಬ್ಯಾಚ್ ನಂಬರ್ ಇಂತಿಷ್ಟು, ನೀವು ಕಳಿಸಿದ ಸ್ಯಾಂಪಲ್‌ಗೆ ಹೊಂದುವ ಮಾಲು ಕಳಿಸಬೇಕು. ಸ್ಯಾಪ್ ವ್ಯಾಲ್ಯೂ 252ರಿಂದ 260, ಅಯೋಡಿನ್ ವ್ಯಾಲ್ಯೂ 10ಕ್ಕಿಂತ ಹೆಚ್ಚಿರಬಾರದು. ಪ್ರತಿ ಲಾಟಿನ ಜೊತೆ ಸಿಒಎ ಬರಬೇಕು. ಹೊಂದದಿದ್ದರೆ ಸಾಗಾಣಿಕೆ ನಿಮ್ಮ ಖರ್ಚಿನಲ್ಲಿ ವಾಪಸ್." ಇಲ್ಲಿ ಸ್ಪೆಕ್ ಶೀಟಿನ 248-265ನ್ನು ಬಿಟ್ಟು, ನಮಗೆ ಬೇಕಾದ ಕಿರಿದಾದ ವ್ಯಾಪ್ತಿಯನ್ನು ನಾವೇ ಬರೆದಿದ್ದೇವೆ ಎಂಬುದನ್ನು ಗಮನಿಸಿ. ಪೂರೈಕೆದಾರರು ಇದಕ್ಕೆ ಒಪ್ಪಿದರೆ ಅದೇ ಕರಾರು.

ಸ್ಯಾಂಪಲ್ ಬಂದಷ್ಟು ಚೆನ್ನಾಗಿ ಮಾಲು ಬರದಿರುವುದು ಈ ವ್ಯಾಪಾರದ ಹಳೆಯ ರೋಗ. ಗಾಡಿ ಬಂದಾಗ ಟಿನ್ನುಗಳ ಬ್ಯಾಚ್ ನಂಬರ್ ನೋಡಿ, ಬೇರೆ ಬೇರೆ ಟಿನ್ನುಗಳಿಂದ ಒಂದಿಷ್ಟು ತೆಗೆದು, ಎತ್ತಿಟ್ಟ ಮೂರನೆಯ ಬಾಟಲಿಯ ಪಕ್ಕದಲ್ಲಿಟ್ಟು ಬಣ್ಣ, ವಾಸನೆ ನೋಡಿ. ಫ್ರಿಜ್ಜಿನ ಪರೀಕ್ಷೆಯನ್ನು ಎರಡಕ್ಕೂ ಒಟ್ಟಿಗೆ ಮಾಡಿ. ಅನುಮಾನ ಬಂದರೆ ಉಳಿದ ದುಡ್ಡು ಕಳಿಸುವ ಮುನ್ನವೇ ಲ್ಯಾಬಿಗೆ ಕಳಿಸಿ. ಆ ಮೂರನೆಯ ಬಾಟಲಿಯನ್ನು ಆ ಲಾಟಿನ ಸೋಪು ಪೂರ್ತಿ ಮಾರಾಟವಾಗಿ ದೂರುಗಳ ಕಾಲ ಮುಗಿಯುವವರೆಗೆ ಬಿಸಾಡಬೇಡಿ. ಜಗಳ ಬಂದಾಗ ಪೂರೈಕೆದಾರರ ಮುಂದೆ ಇಡಲು ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಿಮ್ಮ ಬಳಿ ಇನ್ನೊಂದು ಇರುವುದಿಲ್ಲ.

ಮೊದಲ ಕರೆಯಲ್ಲೇ ಸ್ಪೆಕ್ ಶೀಟ್, ಸಿಒಎ, ಸ್ಯಾಂಪಲ್ ಮೂರನ್ನೂ ಕೇಳಿದ ಮೇಲೆ "ನಮ್ಮ ಮೇಲೆ ನಂಬಿಕೆ ಇಲ್ವಾ ಮೇಡಂ?" ಎಂದವರ ಹತ್ತಿರ, ರೇಟು ಎಷ್ಟೇ ಕಡಿಮೆಯಿದ್ದರೂ, ಅಡ್ವಾನ್ಸ್ ಕಟ್ಟಬೇಡಿ.